ಚಶ್ಮಾ ಘರ್‌ನಲ್ಲಿ ಚಿಲುಮೆ

ಕಲಬುರಗಿಯಲ್ಲಿ ನಮ್ಮ ಮಾಮುವಿನ ಕನ್ನಡಕದ ಅಂಗಡಿಯಿದೆ. ಬೋರ್ಡಿನಲ್ಲಿ ಉರ್ದುವಿನ ಎರಡೇ ಪದ: ‘ಚಶ್ಮಾ ಘರ್’. ಕಳೆದ ಬೇಸಿಗೆ ರಜೆಯಲ್ಲಿ ನಾನು ಅಲ್ಲಿದ್ದಾಗ ಮೈಸೂರು ಕಡೆಯ ಪ್ರವಾಸಿಯೊಬ್ಬರು ಖಾಲಿ ಬಾಟಲಿ ಹಿಡಿದು ಒಳಗೆ ಬಂದರು. “ಚಿಲುಮೆ ಎಲ್ಲಿದೆ ಸಾರ್?”

ಮಾಮುವಿಗೆ ಗೊತ್ತಿದ್ದದ್ದು ಸೇದುವ ಚಿಲುಮೆ ಮಾತ್ರ. “ಅವೆಲ್ಲ ನಮ್ಮಲ್ಲಿ ಸಿಗಂಗಿಲ್ರಿ!” ಎಂದು ಗದರಿದರು.

ಪ್ರವಾಸಿ ಗಾಬರಿಯಾಗಿ ಮೊಬೈಲನ್ನು ಮಾರುದ್ದ ದೂರ ಹಿಡಿದು ಓದಿ ತೋರಿಸಿದರು. ಬೋರ್ಡಿನ ಫೋಟೋ ತೆಗೆದಿದ್ದಕ್ಕೆ ಅದು ‘ಚಿಲುಮೆ ಮನೆ’ ಎಂದು ಅನುವಾದ ಕೊಟ್ಟಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಉರ್ದುವಿನಲ್ಲಿ ಚಶ್ಮಾ ಎಂದರೆ ಕನ್ನಡಕವೂ ಹೌದು, ನೀರಿನ ಬುಗ್ಗೆಯೂ ಹೌದು. ‘ನಜರ್ ಕಾ ಚಶ್ಮಾ’ ಎಂದಿದ್ದರೆ ನಜರ್, ಅಂದರೆ ದೃಷ್ಟಿ, ದಾರಿ ತೋರಿಸುತ್ತಿತ್ತು. ಎರಡೇ ಪದ ಸಿಕ್ಕ ಮೊಬೈಲ್ ನೀರನ್ನು ಆರಿಸಿಕೊಂಡಿತು. ಅಕ್ಷರ ಓದಿದ ಅದಕ್ಕೆ ಗಾಜಿನ ಕಪಾಟಿನ ತುಂಬ ಇದ್ದ ಫ್ರೇಮುಗಳು ಲೆಕ್ಕಕ್ಕೇ ಬರಲಿಲ್ಲ.

ಮಾಮು ನಗುತ್ತ ಮಡಕೆಯಿಂದ ಬಾಟಲಿ ತುಂಬಿಸಿಕೊಟ್ಟರು. ಆದರೆ ಅವರ ಕಣ್ಣು ಆ ದೂರ ಚಾಚಿದ ಕೈಯ ಮೇಲೇ ಇತ್ತು.

“ನೀರು ಕುಡ್ದು ಸ್ವಲ್ಪ ಕೂಡ್ರಿ, ಕಣ್ಣು ನೋಡ್ತೀನಿ.”

ನೀರಿಗೆ ಬಂದವರು ಓದುವ ಕನ್ನಡಕ ಕೊಂಡು ಹೋದರು. ಬೋರ್ಡ್ ಬದಲಿಸೋಣವೇ ಎಂದು ಕೇಳಿದೆ. “ಯಾಕ್ ಬೇಟಾ? ಗಿರಾಕಿ ಬರ್ಲಿಕ್ಕತ್ಯಾರಲ್ಲ!” ಎಂದರು ಮಾಮು.