ಗುರುವಾರ ಒಂದೂವರೆಗೆ

ನನ್ನ ಪಿಎಚ್‌ಡಿ ವಿಷಯ ಕನ್ನಡದ ಆಡಳಿತ ಭಾಷೆ. ನಾಲ್ಕು ವರ್ಷಗಳಿಂದ ಸುತ್ತೋಲೆ, ಜ್ಞಾಪನ, ಪ್ರಕಟಣೆಗಳನ್ನು ಓದುತ್ತಾ ಕೂತಿದ್ದೇನೆ. ಆದ್ದರಿಂದ ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಮ್ಮ, "ನಮ್ಮ ಡ್ಯೂಟಿ ಲಿಸ್ಟಿನ ಬಗ್ಗೆ ಒಂದು ನೋಟಿಸ್ ಬರೆದುಕೊಡು" ಎಂದಾಗ ಅರ್ಧ ಗಂಟೆಯ ಕೆಲಸ ಅಂದುಕೊಂಡೆ.

ಅಮ್ಮ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಇನ್‌ಚಾರ್ಜ್ ಸಿಸ್ಟರ್. ಅವಳೂ ಸೇರಿ ಹನ್ನೆರಡು ಜನ ನರ್ಸ್‌ಗಳು. ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8. ನಾನು ಬರೆದ ಮೊದಲ ಕರಡು "ಈ ಮೂಲಕ ಸಮಸ್ತ ಶುಶ್ರೂಷಕ ಸಿಬ್ಬಂದಿ ವರ್ಗದವರಿಗೆ ತಿಳಿಯಪಡಿಸುವುದೇನೆಂದರೆ" ಎಂದು ಶುರುವಾಗಿ, "ಮುಂದಿನ ವಾರದ ಪಾಳಿ ಪಟ್ಟಿಯನ್ನು ಗುರುವಾರ ಸಂಜೆ ಪ್ರಕಟಿಸಲಾಗುವುದು, ಶನಿವಾರದವರೆಗೆ ಬದಲಾವಣೆಗೆ ಅವಕಾಶವಿರುತ್ತದೆ" ಎಂದು ಮುಗಿದಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಓದಿ, "ಚೆನ್ನಾಗಿದೆ. ಇದನ್ನ ಹಾಕಿದರೆ ನನಗೆ ದಿನಾ ಹತ್ತು ಫೋನ್ ಬರುತ್ತೆ" ಅಂದಳು.

ಮೊದಲು 'ಶನಿವಾರದವರೆಗೆ'. ಶನಿವಾರವೂ ಸೇರಿಯೋ, ಶುಕ್ರವಾರಕ್ಕೇ ಮುಗಿಯಿತೋ? ಸೇರಿದ್ದರೆ ಎಷ್ಟು ಗಂಟೆಯವರೆಗೆ? ರಾತ್ರಿ ಹನ್ನೊಂದೂವರೆಗೆ ಕೇಳುವವರೂ ಇರುತ್ತಾರೆ. ಆಮೇಲೆ 'ಮುಂದಿನ ವಾರ'. ಭಾನುವಾರ ಓದಿದವರಿಗೆ ಮುಂದಿನ ವಾರ ಅಂದರೆ ನಾಳೆಯದ್ದೋ, ಅದರ ಆಚೆಯದ್ದೋ? ಇನ್ನು 'ಗುರುವಾರ ಸಂಜೆ'. ಸಂಜೆ ಗೋಡೆಗೆ ಹಾಕಿದರೆ ಬೆಳಗಿನ ಡ್ಯೂಟಿಯವರು ಎರಡು ಗಂಟೆಗೇ ಮನೆಗೆ ಹೋಗಿರುತ್ತಾರೆ. ಅವರು ನೋಡುವುದು ಶುಕ್ರವಾರ, ಅಂದರೆ ಕೇಳುವುದಕ್ಕೆ ಅವರಿಗೆ ಅರ್ಧ ದಿನ ಕಡಿಮೆ. "ಒಂದೂವರೆ ಅಂತ ಹಾಕು. ಎರಡು ಗಂಟೆಗೆ ಹ್ಯಾಂಡೋವರ್. ಹೋಗುವವರೂ ಬರುವವರೂ ಅದೇ ಮೇಜಿನ ಹತ್ತಿರ ನಿಂತಿರ್ತಾರೆ. ರಾತ್ರಿಯವರು ಎಂಟಕ್ಕೆ ನೋಡ್ತಾರೆ."

ರಾತ್ರಿ ಡ್ಯೂಟಿಯದು ಬೇರೆಯೇ ತೊಡಕು. ಭಾನುವಾರ ರಾತ್ರಿ ಎಂದು ಪಟ್ಟಿಯಲ್ಲಿ ಬರೆದದ್ದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಹೊಸ ಪಟ್ಟಿ ಶುರುವಾಗಿರುತ್ತದೆ. ಹಳೆಯ ಹಾಳೆ ನೋಡದೆ ಹೊಸದನ್ನು ಮಾಡಿದರೆ, ರಾತ್ರಿಯಿಡೀ ಎದ್ದಿದ್ದವಳ ಹೆಸರು ಸೋಮವಾರ ಮಧ್ಯಾಹ್ನದಲ್ಲಿ ಬಂದುಬಿಡುತ್ತದೆ. ಎರಡು ಹಾಳೆಗಳೂ ಬೇರೆ ಬೇರೆಯಾಗಿ ಸರಿಯಾಗಿಯೇ ಕಾಣುತ್ತವೆ. ಅದಕ್ಕೇ ಅಮ್ಮ ಹಳೆಯ ಪಟ್ಟಿಯ ಭಾನುವಾರದ ಸಾಲನ್ನು ಹೊಸ ಹಾಳೆಯ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡೇ ಕೂರುವುದು.

"ಇಷ್ಟೆಲ್ಲ ಬಿಗಿ ಯಾಕೆ? ಯಾರಿಗೋ ಒಂದು ದಿನ ಬೇಕಾದರೆ ಕೊಟ್ಟರಾಯಿತಲ್ಲ" ಎಂದೆ. ಅಮ್ಮ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದಳು. ಬೆಳಿಗ್ಗೆ ನಾಲ್ಕು ಜನ, ಮಧ್ಯಾಹ್ನ ಮೂರು, ರಾತ್ರಿ ಇಬ್ಬರು. ದಿನಕ್ಕೆ ಒಂಬತ್ತು, ವಾರಕ್ಕೆ 63 ಡ್ಯೂಟಿ. ಹನ್ನೆರಡು ಜನ ವಾರಕ್ಕೆ ಆರು ದಿನದಂತೆ ಮಾಡಿದರೆ 72. ಒಂಬತ್ತು ಉಳಿಯಿತು ಅನ್ನಿಸುತ್ತದೆ. ಆದರೆ ರಾತ್ರಿ ಮಾಡಿದ ನಾಲ್ವರಿಗೆ ವಾರದ ರಜೆಯಲ್ಲದೆ ಒಂದೊಂದು ನೈಟ್ ಆಫ್ ಕೊಡಬೇಕು. ಉಳಿದದ್ದು ಐದು. ಒಬ್ಬಳು ಮದುವೆಗೆಂದು ವಾರಪೂರ್ತಿ ರಜೆ ಹಾಕಿದಳು ಎಂದರೆ ಆರು ಡ್ಯೂಟಿ ಹೋಯಿತು. ಪಟ್ಟಿ ಹಾಕುವ ಮೊದಲೇ ಒಂದು ಕೊರತೆ. ಯಾರೋ ಒಬ್ಬರು ತಮ್ಮ ರಜೆ ಬಿಟ್ಟು ಬರಬೇಕು.

ಅದರ ಹಿಂದಿನ ತಿಂಗಳು ನಡೆದದ್ದನ್ನೂ ಅವಳು ಹೇಳಿದ್ದು ಆಗಲೇ. ಒಂದು ಶುಕ್ರವಾರ ರಾತ್ರಿಗೆ ಇಬ್ಬರು ಹಿರಿಯ ಸಿಸ್ಟರ್‌ಗಳ ಹೆಸರಿತ್ತು. ಅವರಲ್ಲಿ ಒಬ್ಬಳು ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಜೊತೆ ಫೋನಿನಲ್ಲೇ ಡ್ಯೂಟಿ ಬದಲಿಸಿಕೊಂಡಳು, ಹೇಗೂ ಇನ್ನೊಬ್ಬ ಹಿರಿಯಳು ಇರುತ್ತಾಳಲ್ಲ ಎಂದು. ಆ ಇನ್ನೊಬ್ಬಳೂ ಇದೇ ಧೈರ್ಯದ ಮೇಲೆ ಮತ್ತೊಬ್ಬ ಹೊಸ ಹುಡುಗಿಯ ಜೊತೆ ಬದಲಿಸಿಕೊಂಡಿದ್ದಳು. ಒಬ್ಬರಿಗೆ ಒಬ್ಬರು, ತಲೆ ಲೆಕ್ಕ ಸರಿ. ರಾತ್ರಿ ಎಂಟಕ್ಕೆ ಬಂದವರು ಆರು ತಿಂಗಳೂ ತುಂಬದ ಇಬ್ಬರು ಹುಡುಗಿಯರು. ಒಂದು ಗಂಟೆಯ ಹೊತ್ತಿಗೆ ಹೆರಿಗೆಯಾದ ಹೆಂಗಸಿಗೆ ರಕ್ತಸ್ರಾವ ಹೆಚ್ಚಾಯಿತು. ಡ್ಯೂಟಿ ಡಾಕ್ಟರ್ ಇದ್ದರು. ಆದರೆ ಅವರು ಕೇಳಿದ್ದನ್ನು ಕೇಳಿದ ಕೂಡಲೇ ಕೈಗೆ ಕೊಡುವವರು ಇರಲಿಲ್ಲ. ಹುಡುಗಿಯರು ಅಳುತ್ತಾ ಅಮ್ಮನಿಗೆ ಫೋನ್ ಮಾಡಿದರು. ಅವಳು ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಸ್ಕೂಟರಿನಲ್ಲಿ ಹೋದಳು. ತಾಯಿ ಮಗು ಇಬ್ಬರೂ ಉಳಿದರು. ಆ ಹುಡುಗಿಯರ ಮೇಲೆ ಅಮ್ಮನಿಗೆ ಸಿಟ್ಟಿರಲಿಲ್ಲ. ತನ್ನ ಮೇಲಿತ್ತು. ಬದಲಾವಣೆ ಯಾರಿಗೆ, ಹೇಗೆ, ಯಾವಾಗಿನ ಒಳಗೆ ಹೇಳಬೇಕು ಎಂದು ಅವಳು ಎಲ್ಲೂ ಬರೆದು ಹಾಕಿರಲಿಲ್ಲ.

ನನಗೆ 1948ರ ಕಾರ್ಖಾನೆಗಳ ಕಾಯ್ದೆ ನೆನಪಾಯಿತು. ಕೆಲಸದ ಅವಧಿಗಳನ್ನು ಸೂಚನಾ ಪತ್ರದಲ್ಲಿ ಬರೆದು ಪ್ರದರ್ಶಿಸಬೇಕು, ಅದು ಇಂಗ್ಲಿಷಿನಲ್ಲೂ ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಎಂದು ಅದರಲ್ಲಿತ್ತು. ಆಸ್ಪತ್ರೆ ಕಾರ್ಖಾನೆಯಲ್ಲ, ನಿಜ. ಆದರೆ ಆ ಭಾಷೆಯ ಮಾತನ್ನು ನನ್ನ ಪ್ರಬಂಧದಲ್ಲಿ ಅಡಿಟಿಪ್ಪಣಿಯಾಗಿ ಹಾಕಿಕೊಂಡಿದ್ದ ನಾನೇ 'ಶುಶ್ರೂಷಕ ಸಿಬ್ಬಂದಿ ವರ್ಗ' ಎಂದು ಬರೆದಿದ್ದೆ.

ಮತ್ತೆ ಬರೆಯಲು ಮೂರು ದಿನ ಹಿಡಿಯಿತು. ಕೊನೆಗೆ ಗೋಡೆಗೆ ಹೋದದ್ದು ಇಷ್ಟು:

"ಡ್ಯೂಟಿ ಲಿಸ್ಟ್ ಸೋಮವಾರ ಬೆಳಿಗ್ಗೆ 8ರಿಂದ ಅದರ ಮುಂದಿನ ಸೋಮವಾರ ಬೆಳಿಗ್ಗೆ 8ರವರೆಗೆ. ರಜೆ ಅಥವಾ ಇಂಥದ್ದೇ ಡ್ಯೂಟಿ ಬೇಕಿದ್ದರೆ, ಆ ವಾರ ಶುರುವಾಗುವ ಮುಂಚಿನ ಬುಧವಾರ ಸಂಜೆ 5ರೊಳಗೆ ರಿಕ್ವೆಸ್ಟ್ ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ. ಬರೆದದ್ದೆಲ್ಲ ಸಿಕ್ಕಿತು ಎಂದಲ್ಲ. ಒಂದು ದಿನಕ್ಕೆ ಇಬ್ಬರಿಗೆ ಮಾತ್ರ, ಮೊದಲು ಬರೆದವರಿಗೆ ಮೊದಲು. ಲಿಸ್ಟ್ ಗುರುವಾರ ಮಧ್ಯಾಹ್ನ 1.30ಕ್ಕೆ ಇಲ್ಲೇ ಹಾಕುತ್ತೇವೆ. ಬದಲಿಸಿಕೊಳ್ಳುವವರು ಶನಿವಾರ ಮಧ್ಯಾಹ್ನ 2ರೊಳಗೆ ಇಬ್ಬರೂ ಬುಕ್ಕಿನಲ್ಲಿ ಸಹಿ ಮಾಡಿ, ಇನ್‌ಚಾರ್ಜ್ ಸಹಿ ಪಡೆಯಿರಿ. ಮೂರು ಸಹಿ ಇಲ್ಲದಿದ್ದರೆ ಲಿಸ್ಟಿನಲ್ಲಿ ಹೆಸರಿದ್ದವರೇ ಬರಬೇಕು. ಶನಿವಾರ 2ರ ನಂತರ ಲಿಸ್ಟ್ ಕ್ಲೋಸ್. ಆಮೇಲೆ ಕಾಯಿಲೆ, ಸಾವು, ತುರ್ತು ಇದ್ದರೆ ಫೋನ್ ಮಾಡಿ ಮಾತಾಡಿ. ಮೆಸೇಜ್ ಹಾಕಿ ಸುಮ್ಮನಾಗಬೇಡಿ."

ಶನಿವಾರ ಎರಡು ಗಂಟೆಯೂ ಸುಮ್ಮನೆ ಆರಿಸಿದ್ದಲ್ಲ. ರಾತ್ರಿ ಡ್ಯೂಟಿಯವರನ್ನು ಮನೆಯಿಂದ ಕರೆತರುವ ವ್ಯಾನಿನ ಡ್ರೈವರ್‌ಗೆ ವಾರದ ಹೆಸರುಗಳು ಶನಿವಾರ ಸಂಜೆ ಹೋಗುತ್ತವೆ. ಭಾನುವಾರ ಆಫೀಸ್ ಇರುವುದಿಲ್ಲ. ಮೂರನೆಯ ಸಹಿ ಯಾಕೆ ಎಂದು ಮೊದಲ ವಾರ ಗೊಣಗಾಟವಿತ್ತಂತೆ. ಮೂರನೆಯ ವಾರದಲ್ಲಿ ಅಮ್ಮ ಅದೇ ಕಾರಣಕ್ಕೆ ಒಂದು ಬದಲಾವಣೆ ತಡೆದಳು. ಶುಕ್ರವಾರದಂಥದ್ದೇ ಜೋಡಿ ಆಗುತ್ತಿತ್ತು. ಗೊಣಗಾಟ ನಿಂತಿತೋ ಇಲ್ಲವೋ ಗೊತ್ತಿಲ್ಲ. ಅವಳಿಗೆ ಅದು ಕೇಳಿಸುವುದು ನಿಂತಿದೆ.

ಕಳೆದ ತಿಂಗಳು ನನ್ನ ಕೊಲೋಕ್ವಿಯಂ ಇತ್ತು. ಪ್ರಬಂಧ ಸಲ್ಲಿಸುವ ಮುಂಚೆ ಎಲ್ಲರೆದುರು ಮಾತಾಡಬೇಕಾದ ದಿನ. ನನ್ನ ಹತ್ತನೇ ಕ್ಲಾಸಿನ ಬಹುಮಾನ ವಿತರಣೆಯಿಂದ ಹಿಡಿದು ಅಮ್ಮ ಯಾವುದಕ್ಕೂ ಬಂದವಳಲ್ಲ. ಪ್ರತಿಸಲವೂ ಡ್ಯೂಟಿ. ಈ ಸಲ ಬರಲೇಬೇಕು ಎಂದಿದ್ದೆ. ದಿನಾಂಕ ನನಗೆ ತಿಳಿದದ್ದು ಮಂಗಳವಾರ ರಾತ್ರಿ, ಅವಳು ಬುಕ್ಕಿನಲ್ಲಿ ಬರೆದದ್ದು ಬುಧವಾರ ಬೆಳಿಗ್ಗೆ. ಆ ದಿನಕ್ಕೆ ಆಗಲೇ ಎರಡು ಹೆಸರಿದ್ದವು. ಮೂರನೆಯದು ಅವಳದು.

ಗುರುವಾರ ಒಂದೂವರೆಗೆ ನಾನೇ ಫೋನ್ ಮಾಡಿದೆ. "ಲಿಸ್ಟ್ ಹಾಕಿದೀಯಾ?"

"ಈಗ ತಾನೇ ಹಾಕಿದೆ. ನನಗೆ ಬೆಳಗಿನ ಡ್ಯೂಟಿ."

"ನೀನೇ ಮಾಡಿದ ಲಿಸ್ಟ್ ಅಲ್ವಾ ಅಮ್ಮ?"

"ಅದಕ್ಕೇ," ಅಂದಳು. ಹಿಂದೆ ಹ್ಯಾಂಡೋವರ್‌ಗೆ ಜನ ಸೇರುತ್ತಿರುವ ಸದ್ದು ಕೇಳುತ್ತಿತ್ತು. "ಶನಿವಾರ ಎರಡರ ತನಕ ಟೈಮ್ ಇದೆ. ಆ ದಿನ ಯಾರಿಗೆ ವೀಕ್ಲಿ ಆಫ್ ಇದೆಯೋ ಅವರನ್ನ ಕೇಳ್ತೀನಿ. ಸಹಿ ಹಾಕಿದರೆ ಬರ್ತೀನಿ. ನಿನ್ನ ಮಾತು ಎಷ್ಟು ಗಂಟೆಗೆ?"