ಪರದೇಶದ ಬ್ಯಾಂಕಿನಲ್ಲಿ ದುಭಾಷಿಯಾದ ಮಗು

ಜಯನಗರದಲ್ಲಿ ಬ್ಯಾಂಕಿಗೆ ಹೋಗುವುದೆಂದರೆ ನಮ್ಮಂಥ ಗೃಹಸ್ಥರಿಗೆ ಅದೊಂದು ಭಯದ ಕಾರ್ಯವಲ್ಲ. ಗುಮಾಸ್ತರು ಕನ್ನಡ ಬಲ್ಲರು. ಅಥವಾ ಬಾರದಿದ್ದರೆ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಕಾರ್ಯವು ನಡೆದುಹೋಗುತ್ತದೆ. ಚೆಕ್ಕಿನ ಮೇಲೆ ಹಣವನ್ನು ಒಮ್ಮೆ ಅಂಕಿಯಲ್ಲಿಯೂ ಒಮ್ಮೆ ಅಕ್ಷರದಲ್ಲಿಯೂ ಬರೆಯುತ್ತೇವೆ. ಎರಡೂ ಭಿನ್ನವಾದರೆ ಅಕ್ಷರದಲ್ಲಿರುವುದೇ ಪ್ರಮಾಣವೆಂದು 1881ರ ಕಾಯಿದೆಯಲ್ಲಿಯೇ ಹೇಳಿದೆ. ಕೈ ತಪ್ಪಿದರೂ ಮಾತು ಕಾಯುತ್ತದೆಂಬುದು ಇದರ ತಾತ್ಪರ್ಯ. ಈ ಕಾವಲು ಎಷ್ಟು ದೊಡ್ಡದೆಂಬುದು, ಆ ಕಾವಲೂ ಇಲ್ಲದೆ ಭಾಷೆಯೂ ಇಲ್ಲದೆ ಪರದೇಶದ ಬ್ಯಾಂಕಿನ ಕಟಕಟೆಯ ಮುಂದೆ ನಿಂತವರಿಗೆ ಮಾತ್ರ ತಿಳಿಯುತ್ತದೆ.

ಉದ್ಯೋಗನಿಮಿತ್ತವಾಗಿ ನಾವು 2018ರಲ್ಲಿ ಸಂಸಾರಸಮೇತರಾಗಿ ಜರ್ಮನಿಗೆ ಹೋದೆವು. ಸ್ಟುಟ್‌ಗಾರ್ಟ್ ನಗರಕ್ಕೆ ಸಮೀಪದ ಒಂದು ಸಣ್ಣ ಊರಿನಲ್ಲಿ ನಮ್ಮ ವಾಸ. ಕಚೇರಿಯಲ್ಲಿ ಇಂಗ್ಲಿಷು ಸಾಕಾಗುತ್ತಿತ್ತು. ಊರಿನ ಅಂಗಡಿಯಲ್ಲಿಯೂ ಬ್ಯಾಂಕಿನಲ್ಲಿಯೂ ಅದು ಸಾಗುತ್ತಿರಲಿಲ್ಲ. ನಮ್ಮ ಮಗಳಿಗೆ ಆಗ ಎಂಟು ವರ್ಷ. ಆಕೆ ಅಲ್ಲಿಯ ಶಾಲೆಗೆ ಸೇರಿ ಒಂದು ವರ್ಷ ಕಳೆಯುವುದರೊಳಗಾಗಿ ಜರ್ಮನ್ ಭಾಷೆಯನ್ನು ಆಟದ ಜೊತೆಯಲ್ಲಿ ಕಲಿತುಬಿಟ್ಟಳು. ನಾವು ಸಂಜೆಯ ತರಗತಿಗೆ ಹೋಗಿಯೂ ನಮಸ್ಕಾರ, ವಂದನೆ, ಬೆಲೆಯೆಷ್ಟು ಎಂಬಷ್ಟರಲ್ಲಿಯೇ ನಿಂತೆವು. ಹೀಗಾಗಿ 2019ರಲ್ಲಿ ನಾವು ಮನೆ ಬದಲಾಯಿಸುವ ಸಮಯಕ್ಕೆ, ಬ್ಯಾಂಕಿನಲ್ಲಿ ನಮಗೆ ಬಾಯಿಯೂ ಕಿವಿಯೂ ಆದವಳು ಆ ಮಗುವೇ.

ಹೊಸ ಮನೆಯ ಬಾಡಿಗೆ ತಿಂಗಳಿಗೆ 876 ಯೂರೋ. ನಮ್ಮ ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡವೆಂಬುದು ಬಹುಕಾಲದ ರೂಢಿ. ಜರ್ಮನಿಯ ಕಾಯಿದೆಯಂತೆ ಮುಂಗಡವು ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಮನೆಯೊಡತಿಯು ಹಿಂದಿನ ಸಂಜೆ ದೂರವಾಣಿಯಲ್ಲಿ ಮುಂಗಡದ ಮೊತ್ತವನ್ನು ಮಗಳಿಗೆ ಹೇಳಿದ್ದಳು. ಮಗಳು ಅದನ್ನು ತನ್ನ ಶಾಲೆಯ ಪುಸ್ತಕದ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದಳು: 2682. ಮರುದಿನ ಆ ಚೀಟಿಯನ್ನೇ ಗುಮಾಸ್ತರ ಮುಂದಿಟ್ಟಳು. ಹಣ ಕಳುಹಿಸುವ ಅಲ್ಲಿಯ ಪತ್ರದಲ್ಲಿ ಅಂಕಿಗೆ ಮಾತ್ರ ಸ್ಥಳವುಂಟು, ಅಕ್ಷರಕ್ಕಿಲ್ಲ.

ನಮ್ಮಿಬ್ಬರಲ್ಲಿ ಒಬ್ಬರು ಬಹುಕಾಲ ಲೆಕ್ಕಪತ್ರದ ಕೆಲಸ ಮಾಡಿದವರು. ಬಾಡಿಗೆಯ ಕರಾರಿನಲ್ಲಿ 876 ಎಂಬುದು ಅಚ್ಚಾಗಿದ್ದುದರಿಂದ ಮನಸ್ಸಿನಲ್ಲಿಯೇ ಮೂರರಿಂದ ಗುಣಿಸಿ ನೋಡಿದರು, 2628 ಬಂದಿತು. ಚೀಟಿಗೂ ಇದಕ್ಕೂ 54 ವ್ಯತ್ಯಾಸ. ಲೆಕ್ಕದವರಿಗೆ ಒಂದು ಹಳೆಯ ಸೂತ್ರವುಂಟು: ತಪ್ಪಿದ ಮೊತ್ತವು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, ಎಲ್ಲಿಯೋ ಎರಡು ಅಂಕಿಗಳು ಅದಲುಬದಲಾಗಿರಬಹುದೆಂದು ಶಂಕಿಸಬೇಕು. 54ನ್ನು ಒಂಬತ್ತರಿಂದ ಭಾಗಿಸಿದರೆ ಆರು. ಎಂಟಕ್ಕೂ ಎರಡಕ್ಕೂ ಇರುವ ಅಂತರವೂ ಆರೇ. ರೋಗವು ಅಲ್ಲಿಯೇ ಪತ್ತೆಯಾಯಿತು.

ಕಾರಣವು ಮಗುವಿನ ಅಜಾಗರೂಕತೆಯಲ್ಲ, ಭಾಷೆಯ ಕಟ್ಟಡ. ನಾವು ‘ಇಪ್ಪತ್ತೆಂಟು’ ಎನ್ನುವಲ್ಲಿ ಜರ್ಮನರು ‘ಎಂಟು ಮತ್ತು ಇಪ್ಪತ್ತು’ ಎನ್ನುತ್ತಾರೆ. ಸಂಸ್ಕೃತದ ‘ಅಷ್ಟಾವಿಂಶತಿ’ಯನ್ನು ಬಲ್ಲ ವಾಚಕರಿಗೆ ಇದು ಅಪರಿಚಿತವಾಗಿ ತೋರದು. ಕಿವಿಗೆ ಮೊದಲು ಬಿದ್ದ ಎಂಟನ್ನು ಕೈ ಮೊದಲು ಬರೆಯಿತು. ಜರ್ಮನ್ ಮಕ್ಕಳಿಗೇ ಇದು ಎಡವುವ ಕಲ್ಲು. ಮನೆಯಲ್ಲಿ ಒಂದು ಕ್ರಮವನ್ನೂ ಶಾಲೆಯಲ್ಲಿ ಇನ್ನೊಂದು ಕ್ರಮವನ್ನೂ ಕೇಳುವ ಕನ್ನಡದ ಮಗುವಿಗೆ ಇಮ್ಮಡಿ ಕಷ್ಟ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಇದೇ ತಪ್ಪು ಖಾತೆಯ ಸಂಖ್ಯೆಯಲ್ಲಿ ಆಗಿದ್ದರೆ ನಮಗೆ ಅಂಜಿಕೆ ಬೇಕಿರಲಿಲ್ಲ. ಐಬಾನ್ ಎಂದು ಕರೆಯುವ ಆ ಸಂಖ್ಯೆಯು ಜರ್ಮನಿಯಲ್ಲಿ 22 ಅಕ್ಷರಾಂಕಿಗಳದು. ಮೊದಲ ಎರಡು ದೇಶದ ಗುರುತು, ಮುಂದಿನ ಎರಡು ಕಾವಲಿನ ಅಂಕಿಗಳು. ಇವನ್ನೂ ಉಳಿದುದನ್ನೂ ಸೇರಿಸಿ ಎಲ್ಲವನ್ನೂ ಒಂದು ಕ್ರಮದಿಂದ ಜೋಡಿಸಿ 97ರಿಂದ ಭಾಗಿಸಿದರೆ ಶೇಷವು ಒಂದೇ ಬರುವಂತೆ ಆ ಎರಡನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅಂಕಿಗಳು ಸ್ಥಳ ಬದಲಿಸಿದರೂ ಶೇಷವು ಕೆಡುತ್ತದೆ. ಯಂತ್ರವು ಒಡನೆಯೇ ನಿರಾಕರಿಸುತ್ತದೆ. ಮೊತ್ತಕ್ಕಾದರೋ ಇಂಥ ಕಾವಲಿಲ್ಲ. 2628 ಎಷ್ಟು ಸರಿಯಾದ ಸಂಖ್ಯೆಯೋ 2682 ಸಹ ಯಂತ್ರಕ್ಕೆ ಅಷ್ಟೇ ಸರಿ. ಆದ್ದರಿಂದ ಮಗುವಿನ ಮಾತಿನ ಮೇಲೆ ಹಣ ಕಳುಹಿಸುವವರು ಖಾತೆಯ ಸಂಖ್ಯೆಗಿಂತಲೂ ಮೊತ್ತವನ್ನೇ ಹೆಚ್ಚು ಪರೀಕ್ಷಿಸಬೇಕು. ಅದನ್ನು ಬರಹದಲ್ಲಿ ತರಿಸಿಕೊಳ್ಳಬೇಕು, ಇಲ್ಲವೆ ಅಂಕಿಯನ್ನು ಒಂದೊಂದಾಗಿ ‘ಎರಡು, ಆರು, ಎರಡು, ಎಂಟು’ ಎಂದು ಹೇಳಿಸಬೇಕು.

ಅದೇ ದಿನ ಎರಡನೆಯ ಪ್ರಸಂಗವೊಂದು ನಡೆಯಿತು. ವಿದ್ಯುಚ್ಛಕ್ತಿಯ ಕಂಪನಿಗೆ ತಿಂಗಳು ತಿಂಗಳು ಹಣ ಸಲ್ಲಬೇಕಾಗಿತ್ತು. ಗುಮಾಸ್ತರು ಒಂದು ಕಾಗದವನ್ನು ತೆಗೆದು ಸಾವಧಾನವಾಗಿ, ಬೆರಳೆಣಿಸಿ, ಬಹಳ ಹೊತ್ತು ವಿವರಿಸಿದರು. ಮಗಳು ತಾಯಿಯ ಕಡೆಗೆ ತಿರುಗಿ, ‘ಅಮ್ಮಾ, ಅವರೇ ನಮ್ಮ ಅಕೌಂಟಿನಿಂದ ದುಡ್ಡು ತಗೋತಾರಂತೆ, ಇಲ್ಲಿ ಸೈನ್ ಹಾಕಬೇಕಂತೆ’ ಎಂದಳು.

ತಾಯಿಯ ಮುಖ ಬಿಳುಪೇರಿತು. ಮನೆಯ ಬೀಗದ ಕೈಯನ್ನು ಅಪರಿಚಿತರ ಕೈಗೆ ಕೊಡುವುದೆಂದರೆ ಯಾವ ಗೃಹಿಣಿಯು ತಾನೆ ಒಪ್ಪುವಳು? ‘ಬೇಡ ಅಂತ ಹೇಳು, ಪುಟ್ಟಿ, ನಾವೇ ಕಟ್ಟುತ್ತೇವೆ ಅನ್ನು’ ಎಂದರು. ಮಗಳು ಅದನ್ನು ಹೇಳಿದಳು. ಗುಮಾಸ್ತರು ಆಶ್ಚರ್ಯಪಟ್ಟು ಪುನಃ ಮೊದಲಿನಿಂದ ವಿವರಿಸತೊಡಗಿದರು. ಆಗ ನಮಗೆ ಹೊಳೆಯಿತು: ಅವರ ಮಾತು ಹತ್ತು ವಾಕ್ಯ, ಮಗಳ ಕನ್ನಡ ಎರಡೇ ವಾಕ್ಯ. ಮಿಕ್ಕ ಎಂಟು ಎಲ್ಲಿ ಹೋದವು? ‘ಆಮೇಲೆ ಏನಂದರು?’ ಎಂದು ಮೆಲ್ಲನೆ ಕೇಳಿದೆವು. ‘ಅದೇನೋ ಎಂಟು ವಾರ ಅಂದರು. ಆ ಮಾತು ನಂಗೊತ್ತಿಲ್ಲ’ ಎಂದು ಮಗು ತಲೆ ತಗ್ಗಿಸಿತು.

ಬಿಟ್ಟುಹೋದ ಆ ಎಂಟು ವಾರಗಳಲ್ಲಿಯೇ ವಿಷಯದ ತಿರುಳೆಲ್ಲ ಇದ್ದಿತು. ಯೂರೋಪಿನ ಆ ಪದ್ಧತಿಯಲ್ಲಿ, ನಾವು ಒಪ್ಪಿಗೆ ಕೊಟ್ಟ ಕಂಪನಿಯು ನಮ್ಮ ಖಾತೆಯಿಂದ ಹಣವನ್ನು ಎಳೆದುಕೊಳ್ಳಬಹುದು, ನಿಜ. ಆದರೆ ಎಳೆದುಕೊಂಡ ದಿನದಿಂದ ಎಂಟು ವಾರಗಳೊಳಗೆ, ಯಾವ ಕಾರಣವನ್ನೂ ಹೇಳದೆ, ಅದನ್ನು ಹಿಂದಕ್ಕೆ ತರಿಸಿಕೊಳ್ಳುವ ಹಕ್ಕು ಖಾತೆದಾರನಿಗುಂಟು. ಒಪ್ಪಿಗೆಯನ್ನೇ ಕೊಟ್ಟಿಲ್ಲದಿದ್ದರೆ ಆ ಅವಧಿ ಹದಿಮೂರು ತಿಂಗಳು. ನಾವೇ ಕೈಯಾರೆ ಕಳುಹಿಸಿದ ಹಣಕ್ಕೆ ಇಂಥ ಹಕ್ಕಿಲ್ಲ. ಅದು ಎದುರಿನವರ ಖಾತೆಯನ್ನು ಸೇರಿತೆಂದರೆ ಅವರ ಸಮ್ಮತಿಯಿಲ್ಲದೆ ಮರಳದು. ಎಂದರೆ ನಾವು ಭಯಪಟ್ಟದ್ದು ಕ್ಷೇಮವಾದ ದಾರಿಗೆ. ತಾಯಿಯು ಎಂಟು ವಾರದ ಸಾಲನ್ನು ಕಾಗದದ ಮೇಲೆ ಬೆರಳಿಟ್ಟು ತೋರಿಸಿಕೊಂಡ ಮೇಲೆಯೇ ಸಹಿ ಹಾಕಿದರು.

ಮಗುವು ಮಾತನ್ನು ನುಂಗುವುದು ಕಪಟದಿಂದಲ್ಲ. ಆಕೆಯ ಕನ್ನಡವು ಅಡುಗೆಮನೆಯದು, ಅಜ್ಜಿಯ ಕಥೆಯದು. ಖಾತೆ, ಜಮೆ, ಆಕ್ಷೇಪಣೆ ಎಂಬ ಮಾತುಗಳು ಅದರಲ್ಲಿ ಇಲ್ಲ. ಆಕೆಯ ಜರ್ಮನ್ ಭಾಷೆಯು ಆಟದ ಬಯಲಿನದು. ಎರಡು ಭಾಷೆಯಲ್ಲಿಯೂ ಇಲ್ಲದ ವಸ್ತುವನ್ನು ಆಕೆ ಯಾವ ಪಾತ್ರೆಯಲ್ಲಿ ತಂದಾಳು? ಇದನ್ನು ಕಂಡುಹಿಡಿಯುವುದಕ್ಕೆ ಕನ್ನಡವೇ ನಮಗೊಂದು ಉಪಾಯವನ್ನು ಕೊಟ್ಟಿದೆ. ‘ತಗೋತಾರಂತೆ’, ‘ಹಾಕಬೇಕಂತೆ’ ಎಂದು ಮಗುವು ‘ಅಂತೆ’ಯನ್ನು ಸೇರಿಸುವಷ್ಟು ಹೊತ್ತು, ಅದು ಎದುರಿನವರ ಮಾತನ್ನು ಒಪ್ಪಿಸುತ್ತಿದೆ. ‘ಅಂತೆ’ಯು ಹಠಾತ್ತನೆ ಬಿಟ್ಟುಹೋಯಿತೆಂದರೆ ಬಹುಮಟ್ಟಿಗೆ ಅದು ಮಗುವಿನ ಸ್ವಂತ ಊಹೆ. ಅಲ್ಲಿ ತಡೆದು, ‘ಇದು ಅವರು ಹೇಳಿದ್ದೋ, ನೀನು ಅಂದುಕೊಂಡದ್ದೋ?’ ಎಂದು ಕೇಳಬೇಕು.

ಹತ್ತು ದಿನದ ಮೇಲೆ ಬ್ಯಾಂಕಿನಿಂದ ಖಾತೆಯ ವಿವರದ ಕಾಗದ ಬಂದಿತು. ಮುಂಗಡದ ಮೊತ್ತದ ಪಕ್ಕದಲ್ಲಿ ‘ಝೊಲ್’ ಎಂಬ ಮಾತಿನ ಮೊದಲಕ್ಷರವಿತ್ತು. ಅದು ಆ ದೇಶದ ಲೆಕ್ಕದಲ್ಲಿ ಖರ್ಚಿನ ಕಡೆಯ ಹೆಸರು. ‘ಹಾಬೆನ್’ ಎಂಬುದು ಜಮೆಯ ಕಡೆಯದು. ಆದರೆ ದಿನದ ಮಾತಿನಲ್ಲಿ ‘ಝೊಲ್’ ಎಂದರೆ ‘ಮಾಡತಕ್ಕದ್ದು’, ‘ಹಾಬೆನ್’ ಎಂದರೆ ‘ಇರುವುದು’. ಕಾಗದದ ಕೊನೆಯಲ್ಲಿ ಆ ಅಕ್ಷರಗಳ ವಿವರಣೆಯನ್ನು ಓದಿಕೊಂಡ ಮಗಳು ತನಗೆ ತಿಳಿದ ಅರ್ಥವನ್ನೇ ಹಚ್ಚಿಕೊಂಡು ಏನನ್ನೂ ಹೇಳದೆ ಮಲಗಿದಳು. ನಡುರಾತ್ರಿಯಲ್ಲಿ ಎದ್ದು ಬಂದು, ‘ಅಪ್ಪಾ, ನಾವು ಇನ್ನೊಂದು ಸಲ ಅಷ್ಟು ದುಡ್ಡು ಕೊಡಬೇಕಾ? ನಾನು ತಪ್ಪಾಗಿ ಹೇಳಿದ್ದಕ್ಕಾ?’ ಎಂದು ಅತ್ತಳು.

ಆ ಪ್ರಶ್ನೆಯಲ್ಲಿ ‘ಅಂತೆ’ ಇರಲಿಲ್ಲ. ಯಾರೋ ಹೇಳಿದ್ದನ್ನು ಆಕೆ ಒಪ್ಪಿಸುತ್ತಿರಲಿಲ್ಲ. ಸಂಸಾರದ ಹಣದ ಹೊರೆಯನ್ನು ತಾನೇ ಹೊತ್ತಿದ್ದಳು. ಕಟಕಟೆಯ ಮುಂದೆ ನಮ್ಮ ಮುಖದಲ್ಲಿದ್ದ ಕಳವಳವನ್ನು ನಾವು ಬಾಯಿಬಿಟ್ಟು ಹೇಳಿರಲಿಲ್ಲ. ಅದೊಂದನ್ನು ಮಾತ್ರ ಮಗು ಒಂದಕ್ಷರವೂ ಬಿಡದೆ ಭಾಷಾಂತರಿಸಿಕೊಂಡಿದ್ದಿತು.

ಅಂದಿನಿಂದ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ಅಂಚೆಯ ಚೀಟಿ, ಬಸ್ಸಿನ ಟಿಕೀಟು, ಅಂಗಡಿಯ ಬೆಲೆ ಇವುಗಳಿಗೆ ಮಗಳ ನಾಲಗೆ. ಅದರಲ್ಲಿ ಆಕೆಗೆ ಹೆಮ್ಮೆಯೂ ಉಂಟು. ಸಹಿ ಬೀಳುವ ಕಾಗದ, ಸಾಲ, ಮನೆಯ ಕರಾರು, ವೈದ್ಯರ ಮಾತು ಇವುಗಳಿಗೆ ವಯಸ್ಕರೇ ದುಭಾಷಿಗಳು. ಹೀಗಾಗಿ ಮುಂದಿನ ಸಲ ಬ್ಯಾಂಕಿಗೆ ಹೊರಟಾಗ ಸಹೋದ್ಯೋಗಿಯೊಬ್ಬರ ಬಿಡುವನ್ನು ಎರಡು ವಾರ ಕಾಯಬೇಕಾಯಿತು. ಕಾದೆವು. ಆ ದಿನ ಮಗಳು ಶಾಲೆಯಲ್ಲಿದ್ದಳು.