ಫ್ರಾಂಕ್‌ಫರ್ಟ್‌ನಲ್ಲಿ 35 ನಿಮಿಷ

ಬೆಂಗಳೂರಿನಿಂದ ಹೊರಟ ವಿಮಾನವೊಂದರಲ್ಲಿ ಇಬ್ಬರನ್ನು ಅಕ್ಕಪಕ್ಕ ಕೂರಿಸೋಣ. ಕಿಟಕಿಯ ಪಕ್ಕದ ಅಕ್ಕನದು ಹ್ಯಾಂಬರ್ಗ್‌ವರೆಗೆ ಒಂದೇ ಟಿಕೆಟ್. ಮಧ್ಯದ ಸೀಟಿನ ಹುಡುಗ ದುಡ್ಡು ಉಳಿಸಲು ಎರಡು ಬೇರೆ ಟಿಕೆಟ್ ಕೊಂಡಿದ್ದಾನೆ. ಫ್ರಾಂಕ್‌ಫರ್ಟ್ ತಲುಪಬೇಕಾದ್ದು 7:30ಕ್ಕೆ. ಹ್ಯಾಂಬರ್ಗ್ ವಿಮಾನ 8:45ಕ್ಕೆ, ಇಬ್ಬರಿಗೂ ಅದೇ.

ತಾಂತ್ರಿಕ ದೋಷದಿಂದ ತಡವಾಗಿ ಹೊರಟ ವಿಮಾನ ನಿಂತಾಗ 8:10!

"ಅಕ್ಕಾ, ಸಿಗುತ್ತಾ?"

"ಓಡೋಣ ಬಾರೋ!"

ಓಡಿದರು. ಪಾಸ್‌ಪೋರ್ಟ್ ತಪಾಸಣೆಯ ಸಾಲು ಹಾವಿನಂತೆ ಸುತ್ತಿಕೊಂಡಿತ್ತು. ಅದನ್ನು ದಾಟಿದ ಮೇಲೆ ಇಬ್ಬರ ದಾರಿ ಬೇರೆಯಾಯಿತು. ಅಕ್ಕನ ಪೆಟ್ಟಿಗೆಗೆ ಬೆಂಗಳೂರಲ್ಲೇ ಹ್ಯಾಂಬರ್ಗ್ ಚೀಟಿ ಅಂಟಿಸಿದ್ದರು, ಅದರ ಗೊಡವೆ ಅವಳಿಗಿಲ್ಲ. ಭದ್ರತಾ ತಪಾಸಣೆ ಮುಗಿಸಿ, ಉದ್ದನೆಯ ಸುರಂಗ ದಾಟಿ, ಏದುಸಿರು ಬಿಡುತ್ತ ಗೇಟಿಗೆ ಬಂದಾಗ 8:34. ಬಾಗಿಲು ಹಾಕಿ ಆಗಿತ್ತು!

ಹುಡುಗನಾದರೋ ಪೆಟ್ಟಿಗೆಗಾಗಿ ಬೆಲ್ಟಿನ ಮುಂದೆ ನಿಂತಿದ್ದ. ಅದನ್ನು ಎಳೆದುಕೊಂಡು ಹೊರಬಂದು, ಮೇಲಿನ ಮಹಡಿಯ ಕೌಂಟರಿಗೆ ಮತ್ತೆ ಒಪ್ಪಿಸಬೇಕು. ಆ ಕೌಂಟರ್ ಮುಚ್ಚುವುದು ಹೊರಡುವ 40 ನಿಮಿಷ ಮೊದಲು, ಅಂದರೆ 8:05ಕ್ಕೆ. ವಿಮಾನದ ಬಾಗಿಲು ತೆರೆಯುವ ಮೊದಲೇ ಅವನ ಓಟ ಮುಗಿದಿತ್ತು, ಅವನಿಗೆ ಗೊತ್ತಿರಲಿಲ್ಲ ಅಷ್ಟೆ.

ಇಬ್ಬರಿಗೂ ವಿಮಾನ ತಪ್ಪಿತಲ್ಲ, ಮತ್ತೇನು ವ್ಯತ್ಯಾಸ?

ಪ್ರತಿ ನಿಲ್ದಾಣಕ್ಕೂ ಕನಿಷ್ಠ ಸಂಪರ್ಕ ಸಮಯ ಎಂಬುದೊಂದಿದೆ. ಫ್ರಾಂಕ್‌ಫರ್ಟ್‌ನಲ್ಲಿ ಅದು ಸಾಮಾನ್ಯವಾಗಿ 45 ನಿಮಿಷ. ಅದಕ್ಕಿಂತ ಕಡಿಮೆ ಬಿಡುವಿನ ಎರಡು ವಿಮಾನಗಳನ್ನು ಒಂದೇ ಟಿಕೆಟ್ಟಿನಲ್ಲಿ ಪೋಣಿಸಿ ಮಾರುವುದಿಲ್ಲ. 45 ನಿಮಿಷ ಆರಾಮದ ಲೆಕ್ಕವಲ್ಲ, ಎಲ್ಲ ಸರಿಯಿದ್ದರೆ ಸಾಧ್ಯ ಎಂಬ ಲೆಕ್ಕ. ಆದರೆ ಒಮ್ಮೆ ಮಾರಿದ ಮೇಲೆ ತಪ್ಪಿದ ಸಂಪರ್ಕ ಕಂಪನಿಯ ತಲೆನೋವು. ಅಕ್ಕ ಗೇಟಿನಲ್ಲಿ ಏದುಸಿರು ಬಿಡುತ್ತಿದ್ದಾಗಲೇ ಫೋನಿಗೆ ಹೊಸ ಬೋರ್ಡಿಂಗ್ ಪಾಸ್ ಬಂತು: ಮಧ್ಯಾಹ್ನ 1 ಗಂಟೆ, ಒಂದು ಪೈಸೆ ಹೆಚ್ಚಿಲ್ಲ. ಕಾಯುವಷ್ಟು ಹೊತ್ತು ಊಟವೂ ಅವರದೇ. ಹ್ಯಾಂಬರ್ಗ್ ತಲುಪುವುದು ನಾಲ್ಕು ಗಂಟೆಗೂ ಹೆಚ್ಚು ತಡ. ಕಂಪನಿ ಯುರೋಪಿನದು, ಟಿಕೆಟ್ ಒಂದೇ, ಕಾರಣ ಹವಾಮಾನವಲ್ಲ; ಹಾಗಾಗಿ ಅಲ್ಲಿನ 261/2004 ನಿಯಮದ ಪ್ರಕಾರ 600 ಯೂರೋ ಪರಿಹಾರ ಕೇಳಬಹುದು. ತಡವನ್ನು ಅಳೆಯುವುದು ಕೊನೆಯ ಊರಿನಲ್ಲಿ ಎಂದು ಯುರೋಪಿನ ನ್ಯಾಯಾಲಯ 2013ರಲ್ಲೇ ಹೇಳಿದೆ.

ಹುಡುಗನ ಲೆಕ್ಕದಲ್ಲಿ ಮೊದಲ ಟಿಕೆಟ್ ಫ್ರಾಂಕ್‌ಫರ್ಟ್‌ನಲ್ಲೇ ಮುಗಿಯಿತು. ತಡವಾದದ್ದು ಬರೀ 40 ನಿಮಿಷ, ಪರಿಹಾರವಿಲ್ಲ. ಎರಡನೆಯ ಟಿಕೆಟ್ಟಿನ ದೃಷ್ಟಿಯಲ್ಲಿ ಅವನು ಬಾರದೇ ಹೋದ ಪ್ರಯಾಣಿಕ. ಅದೇ ದಿನದ ಹೊಸ ಟಿಕೆಟ್ ಅವನ ಉಳಿತಾಯವನ್ನೆಲ್ಲ ನುಂಗಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆ ಎರಡನೆಯದು ಹೋಗಿ ಬರುವ ಟಿಕೆಟ್. ಮೊದಲ ಹಂತಕ್ಕೆ ಹಾಜರಾಗದವನ ಮುಂದಿನ ಹಂತಗಳನ್ನು ಕಂಪನಿಗಳು ಸಾಮಾನ್ಯವಾಗಿ ರದ್ದು ಮಾಡುತ್ತವೆ. ಹೊಸ ಸೀಟಿನಲ್ಲಿ ಹ್ಯಾಂಬರ್ಗ್ ಕಡೆ ಹಾರುತ್ತ ಅವನು ಫೋನಿನಲ್ಲಿ ವಾಪಸಿನ ಬುಕಿಂಗ್ ತೆರೆದ. ಅಲ್ಲಿ ಅವನ ಹೆಸರೇ ಇರಲಿಲ್ಲ.